ಸಾರಿನ ಪಾತ್ರೆ ಇಟ್ಟ ದಿನವೇ ಲೋಟ ತೊಳೆಯುತ್ತಿರಲಿಲ್ಲ

ನಮ್ಮ ಮನೆಗೆ ಡಿಶ್‌ವಾಷರ್ ಬಂದ ಹೊಸತರಲ್ಲಿ ಮೇಲಿನ ಟ್ರೇಯಲ್ಲಿದ್ದ ಸ್ಟೀಲ್ ಲೋಟಗಳ ತಳದಲ್ಲಿ ಕಾಫಿ ಗಷ್ಟು ಹಾಗೇ ಉಳಿಯುತ್ತಿತ್ತು. ದಿನಾ ಅಲ್ಲ, ಕೆಲವು ದಿನ ಮಾತ್ರ. "ಇದಕ್ಕಿಂತ ಕೈಯಲ್ಲಿ ತಿಕ್ಕೋದೇ ವಾಸಿ ಅಲ್ವೇನಮ್ಮಾ?" ಎಂದರು ಅತ್ತೆ. ನಾನು ಪುಡಿ ಜಾಸ್ತಿ ಹಾಕಿದೆ, ಬಿಸಿ ಹೆಚ್ಚಿಸಿದೆ. ಏನೂ ಬದಲಾಗಲಿಲ್ಲ.

ಒಂದು ರಾತ್ರಿ ಯಂತ್ರ ಶುರುವಾದ ಮೇಲೆ ಒಳಗೆ ಟಕ್ ಎಂದು ಸದ್ದಾಯಿತು, ಆಮೇಲೆ ಆ ಸದ್ದು ನಿಂತಿತು. ಯಂತ್ರವನ್ನು ಮಧ್ಯದಲ್ಲೇ ನಿಲ್ಲಿಸಿ, ಬಿಸಿ ನೀರಿನ ಸದ್ದು ಅಡಗಿದ ಮೇಲೆ ಬಾಗಿಲು ತೆಗೆದೆ. ಕೆಳಗಿನ ಟ್ರೇಯಲ್ಲಿದ್ದ ಸಾರಿನ ಪಾತ್ರೆ ಎತ್ತರವಾಗಿ, ಮೇಲಿನ ಟ್ರೇಯ ಅಡಿಯಲ್ಲಿ ತಿರುಗುವ ರೆಕ್ಕೆಗೆ ತಗುಲಿತ್ತು. ನೀರು ಚಿಮ್ಮುವುದು ಆ ರೆಕ್ಕೆಯ ತೂತುಗಳಿಂದ. ರೆಕ್ಕೆ ನಿಂತರೆ ಒಂದೇ ಜಾಗಕ್ಕೆ ನೀರು ಬೀಳುತ್ತದೆ, ಉಳಿದ ಲೋಟಗಳಿಗೆ ತಲುಪುವುದಿಲ್ಲ. ಸಾರಿನ ಪಾತ್ರೆ ಇಟ್ಟ ದಿನವೇ ಹೀಗಾಗುತ್ತಿತ್ತು ಎಂಬುದು ಆಗ ಹೊಳೆಯಿತು.

ನಮ್ಮ ಯಂತ್ರದಲ್ಲಿ ಮೇಲಿನ ಟ್ರೇಯನ್ನು ಎರಡೂ ಪಕ್ಕದ ಹಿಡಿ ಒತ್ತಿ ಮೇಲೆತ್ತಬಹುದು. ಎತ್ತುವಾಗ ಎರಡೂ ಕಡೆ ಸಮ ಇರಬೇಕು. ಆಗಲೂ ಪಾತ್ರೆ ತಗುಲಿದರೆ ಅದನ್ನು ಒಂದು ಮೂಲೆಗೆ ಸರಿಸಿ, ಬಾಯಿ ಕೆಳಗೆ ಮಾಡಿ ಓರೆಯಾಗಿ ಒರಗಿಸುತ್ತೇನೆ. ನಡುವೆ ಬೋರಲು ಹಾಕಿದರೆ ಅದು ಕೊಡೆಯ ಹಾಗೆ ಕೆಳಗಿನ ನೀರನ್ನು ತಡೆಯುತ್ತದೆ. ಸಣ್ಣ ಸೌಟು, ಚಮಚ ಟ್ರೇಯ ಸಂದಿನಿಂದ ಕೆಳಗೆ ಇಳಿದರೂ ರೆಕ್ಕೆ ನಿಲ್ಲುತ್ತದೆ. ಆದ್ದರಿಂದ ಬಾಗಿಲು ಮುಚ್ಚುವ ಮೊದಲು ಮೇಲಿನ ಮತ್ತು ಕೆಳಗಿನ ಟ್ರೇಗಳ ಅಡಿಯ ಎರಡೂ ರೆಕ್ಕೆಗಳನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡುತ್ತೇನೆ. ಅನುಮಾನ ಇದ್ದರೆ ರೆಕ್ಕೆಯ ತುದಿ ಎತ್ತ ಇದೆ ಎಂದು ನೆನಪಿಟ್ಟುಕೊಂಡು, ಹತ್ತು ನಿಮಿಷದ ನಂತರ ನಿಲ್ಲಿಸಿ ನೋಡುತ್ತೇನೆ. ಎರಡು ಮೂರು ಸಲ ನೋಡಿದರೂ ತುದಿ ಅಲ್ಲೇ ಇದ್ದರೆ ಏನೋ ಅಡ್ಡ ಇದೆ ಎಂದೇ ಅರ್ಥ.

ಲೋಟಗಳನ್ನು ಒಂದರೊಳಗೊಂದು ಸಿಕ್ಕಿಸಬಾರದು, ಒಳಗಿನದಕ್ಕೆ ನೀರೇ ಹೋಗುವುದಿಲ್ಲ. ಬಾಯಿ ಕೆಳಗೆ ಮಾಡಿ, ಕಡ್ಡಿಗಳ ನಡುವೆ ಸ್ವಲ್ಪ ಓರೆಯಾಗಿ ನಿಲ್ಲಿಸಬೇಕು. ಹಗುರ ಲೋಟವನ್ನು ನೀರಿನ ರಭಸ ಅಂಗಾತ ಮಾಡಿಬಿಡುತ್ತದೆ, ಆಮೇಲೆ ಅದರಲ್ಲಿ ಕೊಳೆ ನೀರು ನಿಲ್ಲುತ್ತದೆ. ಅದಕ್ಕೆ ಹಗುರದವನ್ನು ಭಾರದ ಬಟ್ಟಲುಗಳ ನಡುವೆ ಇಡುತ್ತೇನೆ.

ಟಿಫಿನ್ ಡಬ್ಬಿಯ ಮುಚ್ಚಳದ ರಬ್ಬರ್ ತೆಗೆಯದಿದ್ದರೆ ಅದರಡಿಯ ಎಣ್ಣೆ ಹಾಗೇ ಉಳಿಯುತ್ತದೆ. ರಬ್ಬರನ್ನು ನಾನು ಕೈಯಲ್ಲೇ ತೊಳೆಯುತ್ತೇನೆ, ಟ್ರೇಗೆ ಹಾಕಿದರೆ ಜಾರಿ ಕೆಳಗೆ ಬೀಳುತ್ತದೆ. ಮುಚ್ಚಳವನ್ನು ತಟ್ಟೆಯ ಹಾಗೆ ನಿಲ್ಲಿಸುತ್ತೇನೆ. ಚೌಕ ಡಬ್ಬಿಯನ್ನು ಒಂದು ಮೂಲೆ ಕೆಳಗೆ ಬರುವಂತೆ ವಾಲಿಸಿ ಇಡುತ್ತೇನೆ, ನೀರು ಆ ಮೂಲೆಯಿಂದ ಇಳಿದುಹೋಗುತ್ತದೆ. ಡಬ್ಬಿಯ ಬಾಯಂಚಿನ ಮಡಿಕೆಯಲ್ಲಿ ಮಾತ್ರ ಒಂದೆರಡು ಹನಿ ಇರುತ್ತದೆ, ಹೊರಗೆ ತೆಗೆಯುವಾಗ ಕೊಡವಿ ಬಟ್ಟೆಯಲ್ಲಿ ಒರೆಸುತ್ತೇನೆ.