ಮಾವನ ಅಂಗಡಿಯ ರಾತ್ರಿ ಸ್ಟಾಕ್ ಚೆಕ್: ಅದು ಯಾವಾಗ ಬಾಯಿಬಿಡುತ್ತದೆ

ತುಮಕೂರಿನಲ್ಲಿ ನಮ್ಮ ಸೋದರಮಾವನಿಗೆ ಒಂದು ಕಿರಾಣಿ ಅಂಗಡಿ ಇದೆ. ಬಿಲ್ ಹಾಕುವ ಕಂಪ್ಯೂಟರಿನಲ್ಲಿ ನಾನೇ ಒಂದು ಸಣ್ಣ ಪ್ರೋಗ್ರಾಂ ಬರೆದು ಕೂರಿಸಿದ್ದೆ. ರಾತ್ರಿ ಹತ್ತೂವರೆಗೆ ಅದು ಎಲ್ಲ ಸಾಮಾನಿನ ಲೆಕ್ಕ ನೋಡಿ, ಯಾವುದು ಕಮ್ಮಿ ಆಗಿದೆಯೋ ಅದನ್ನು ಮಾವನ ಮೊಬೈಲಿಗೆ ಮೆಸೇಜ್ ಮಾಡಬೇಕು, ಅಷ್ಟೇ. ಹಾಕಿ ಕೊಟ್ಟ ವಾರಕ್ಕೇ ಮಾವನ ಫೋನು ಬಂತು. "ಏನೋ, ನಿನ್ನೆ ತೊಗರಿಬೇಳೆ 31 ಪ್ಯಾಕೆಟ್ಟಿಗೆ ಇಳಿದಿತ್ತು, ನಿನ್ ಪ್ರೋಗ್ರಾಂ ಸುಮ್ನೆ ಮಲಗಿತ್ತಲ್ಲೋ?"

ಮಲಗಿರಲಿಲ್ಲ. ನೋಡಿತ್ತು, ಹೇಳಲಿಲ್ಲ. ಒಂದು ಕೆಜಿಯ ಬೇಳೆ ಪ್ಯಾಕೆಟ್ಟು ದಿನಕ್ಕೆ ಸುಮಾರು 6 ಹೋಗುತ್ತದೆ. ಆರ್ಡರ್ ಕೊಟ್ಟ ಮೇಲೆ ಮಾಲು ಬರಲು 3 ದಿನ ಬೇಕು, ಅಂದರೆ ಅಷ್ಟರಲ್ಲಿ 18 ಖಾಲಿ. ವ್ಯಾನು ತಡವಾದರೆ ಇರಲಿ ಅಂತ ಇನ್ನೆರಡು ದಿನದ 12 ಸೇರಿಸಿದೆ. ಒಟ್ಟು 30. ಬೇಳೆಗೆ ಅದೇ ಗೆರೆ. 30 ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಮಾತ್ರ ಹೇಳು ಅಂತ ಬರೆದಿದ್ದೆ, ಇದ್ದದ್ದು 31. ಮಾರನೇ ದಿನ 7 ಮಾರಾಟವಾಗಿ 24ಕ್ಕೆ ಬಂತು, ಆ ರಾತ್ರಿ ಮೆಸೇಜ್ ಹೋಯಿತು.

"ಹಂಗಾದ್ರೆ ತಡವಾಯ್ತಲ್ವಾ?" ಅಂದರು. ಸ್ವಲ್ಪ ಆಯಿತು, ನಿಜ. ದಿನಕ್ಕೆ ಒಂದೇ ಸಲ ನೋಡುವುದರಿಂದ ಗೆರೆ ದಾಟಿ ಒಂದಷ್ಟು ಕೆಳಗೆ ಹೋದ ಮೇಲೇ ಗೊತ್ತಾಗುವುದು. ಬುಧವಾರ ಬೆಳಿಗ್ಗೆ ಆರ್ಡರ್ ಕೊಟ್ಟರೆ ಶನಿವಾರ ವ್ಯಾನು ಬರುವ ಹೊತ್ತಿಗೆ ರ‍್ಯಾಕಿನಲ್ಲಿ 6 ಉಳಿದಿರುತ್ತದೆ. ಆ ಹೆಚ್ಚುವರಿ 12 ಇಟ್ಟದ್ದೇ ಇದಕ್ಕೆ. ಆದರೆ ಮದುವೆ ಮನೆಯವರು ಮಧ್ಯಾಹ್ನ ಬಂದು ಒಂದೇ ಸಲಕ್ಕೆ 25 ಪ್ಯಾಕೆಟ್ ಎತ್ತಿಕೊಂಡು ಹೋದರೆ, ಅದು ರಾತ್ರಿಯವರೆಗೂ ಈ ಪ್ರೋಗ್ರಾಮಿಗೆ ಗೊತ್ತೇ ಆಗುವುದಿಲ್ಲ. ಆಗ ಮಾವನ ಕಣ್ಣೇ ಗತಿ.

ಒಳಗಿನ ಕೆಲಸ ಇಷ್ಟೇ:

```
SELECT name, qty, min_qty FROM items
WHERE qty <= min_qty AND on_order = 0;
```

ಇರುವ ಸ್ಟಾಕು ಗೆರೆಗೆ ಬಂದಿರಬೇಕು, ಆರ್ಡರ್ ಕೊಟ್ಟಿರಬಾರದು. ಈ ಎರಡನೇ ಮಾತು ಮೊದಲು ಇರಲಿಲ್ಲ. ಆರ್ಡರ್ ಕೊಟ್ಟಾಗಿದೆ, ಮಾಲು ದಾರಿಯಲ್ಲಿದೆ, ಆದರೂ ದಿನಾ ರಾತ್ರಿ ಅದೇ ಬೇಳೆ, ಅದೇ ಸಕ್ಕರೆ, ಅದೇ ಸೋಪು ಅಂತ ಉದ್ದನೆಯ ಪಟ್ಟಿ ಹೋಗುತ್ತಿತ್ತು. ನಾಲ್ಕನೇ ದಿನಕ್ಕೆ ಮಾವ ಮೆಸೇಜ್ ತೆರೆಯುವುದನ್ನೇ ಬಿಟ್ಟರು. ಈಗ ಆರ್ಡರ್ ಕೊಟ್ಟ ತಕ್ಷಣ ಒಂದು ಟಿಕ್ ಹಾಕುತ್ತಾರೆ, ಮಾಲಿನ ಬಿಲ್ ಏರಿಸುವವರೆಗೂ ಆ ಸಾಮಾನಿನ ಬಗ್ಗೆ ಸೊಲ್ಲಿಲ್ಲ. ಅದರಲ್ಲೂ ಒಂದು ಎಡವಟ್ಟಾಯಿತು. ತುಪ್ಪಕ್ಕೆ ಟಿಕ್ ಬಿದ್ದಿತ್ತು, ಡೀಲರು ಮಾಲೇ ಕಳಿಸಲಿಲ್ಲ, ನಾವೂ ಮರೆತೆವು, ತುಪ್ಪ ಪೂರ್ತಿ ಖಾಲಿಯಾದರೂ ಪ್ರೋಗ್ರಾಂ ಗಪ್‌ಚುಪ್. ಆಮೇಲೆ 5 ದಿನ ಕಳೆದರೆ ಟಿಕ್ ತಾನಾಗಿ ಬಿದ್ದುಹೋಗುವ ಹಾಗೆ ಮಾಡಿದೆ.

ಇನ್ನೊಂದು ರಗಳೆ ನನ್ನ ಕಡೆಯಿಂದಲೇ ಆದದ್ದು. ಎರಡು ರಾತ್ರಿ ಮೆಸೇಜ್ ಬರಲಿಲ್ಲ, "ಎಲ್ಲಾ ಫುಲ್ ಇದೆ" ಅಂದುಕೊಂಡು ಮಾವ ಆರಾಮಾಗಿದ್ದರು. ಹೋಗಿ ನೋಡಿದರೆ, ಒಂಬತ್ತೂವರೆಗೆ ಷಟರ್ ಎಳೆಯುವಾಗ ಹೊಸ ಹುಡುಗ ಮೇನ್ ಸ್ವಿಚ್ಚೇ ಆಫ್ ಮಾಡಿ ಹೋಗುತ್ತಿದ್ದ. ಕಂಪ್ಯೂಟರೇ ಆನ್ ಇಲ್ಲದಿದ್ದರೆ ಹತ್ತೂವರೆಗೆ ಯಾರು ನೋಡುವುದು? ವಿಂಡೋಸ್‌ನ Task Scheduler ಒಳಗೆ ಈ ಕೆಲಸದ ಸೆಟ್ಟಿಂಗ್ಸ್ ತೆರೆದು `Run task as soon as possible after a scheduled start is missed` ಅನ್ನುವುದಕ್ಕೆ ಟಿಕ್ ಹಾಕಿದೆ. ರಾತ್ರಿ ತಪ್ಪಿದ್ದು ಬೆಳಿಗ್ಗೆ ಕಂಪ್ಯೂಟರ್ ಆನ್ ಆಗಿ ಸ್ವಲ್ಪ ಹೊತ್ತಿಗೆ ಓಡುತ್ತದೆ. ಮಾವ ಆರ್ಡರ್ ಹೇಳುವುದು ಹೇಗೂ ಹತ್ತು ಗಂಟೆ ಮೇಲೆ, ತೊಂದರೆ ಇಲ್ಲ. ಜೊತೆಗೆ, ಏನೂ ಕಮ್ಮಿ ಇಲ್ಲದಿದ್ದರೂ "ನೋಡಿದೆ, ಕಮ್ಮಿ 0" ಅಂತ ಒಂದು ಸಾಲು ಕಳಿಸುತ್ತದೆ. ಆ ಸಾಲೂ ಬರದಿದ್ದರೆ ಚೆಕ್ ಆಗಿಲ್ಲ ಅಂತಲೇ ಅರ್ಥ, ನನಗೆ ಫೋನ್ ಮಾಡಿ ಅಂದಿದ್ದೇನೆ.

ಇದೆಲ್ಲ ಸರಿ, ಆದರೆ ಅದು ನೋಡುವುದು ಬಿಲ್ಲಿನ ಲೆಕ್ಕವನ್ನು, ರ‍್ಯಾಕನ್ನಲ್ಲ. ಇಲಿ ಕಚ್ಚಿದ ರವೆ ಪ್ಯಾಕೆಟ್ಟು, ಅತ್ತೆ ಬಿಲ್ ಇಲ್ಲದೆ ಮನೆಗೆ ಒಯ್ದ ಸಕ್ಕರೆ, ಇವೆಲ್ಲ ಲೆಕ್ಕದಲ್ಲಿ ಇನ್ನೂ ಅಂಗಡಿಯಲ್ಲೇ ಇರುತ್ತವೆ. ಸ್ಟಾಕು ಮೈನಸ್ 4 ಅಂತ ತೋರಿಸಿದರೆ ಅದು ಉಲ್ಟಾ ಕೇಸು, ಮಾಲು ಬಂದಿದೆ, ಖರೀದಿ ಬಿಲ್ ಏರಿಸಿಲ್ಲ. ಅದಕ್ಕೇ ಭಾನುವಾರ ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಒಂದೊಂದು ರ‍್ಯಾಕ್ ಎಣಿಸಿ ಲೆಕ್ಕ ಸರಿ ಮಾಡುತ್ತಾರೆ. ಹೋದ ವಾರ ರವೆ 14 ಅಂತಿತ್ತು, ಎಣಿಸಿದರೆ 9. ಸರಿ ಮಾಡಿದರು, ರವೆಯ ಗೆರೆ 10, ಅವತ್ತು ರಾತ್ರಿಯೇ ಮೆಸೇಜ್ ಬಂತು.