ಕಲೆ ಹೋಗಲಿ, ಮಚ್ಚೆ ಇರಲಿ

"ಫೋಟೊ ಚೆನ್ನಾಗಿದೆ. ಆದ್ರೆ ಇದು ನಮ್ಮಕ್ಕ ಅಲ್ಲ."

ಎರಡು ಗಂಟೆ ಕೂತು ಫೋಟೊಶಾಪ್‌ನಲ್ಲಿ ರಿಟಚ್ ಮಾಡಿದ ಚಿತ್ರ ನೋಡಿ ಗ್ರಾಹಕರ ತಂಗಿ ಹೇಳಿದ ಮಾತಿದು. ಅಕ್ಕನಿಗೆ ಐವತ್ತರ ಆಸುಪಾಸು. ಕೆನ್ನೆ ಮೇಲೆ ಹಳೆಯ ಮೊಡವೆಗಳ ಗುಳಿ, ಕಣ್ಣ ಕೆಳಗೆ ಕಪ್ಪು, ಅಲ್ಲಲ್ಲಿ ಬಿಸಿಲಿಗೆ ಬಂದ ಕಂದು ಕಲೆ. ಮೂರನ್ನೂ ನಾನು ಪೂರ್ತಿ ಒರೆಸಿ ಹಾಕಿದ್ದೆ. ಮೂಲ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದಾಗ ನಾಚಿಕೆಯಾಯಿತು. ಮೇಲ್ತುಟಿಯ ಪಕ್ಕದ ಮಚ್ಚೆಯೂ ಕಲೆಗಳ ಜೊತೆ ಹೋಗಿತ್ತು. ಕಣ್ಣ ಕೆಳಗಿನ ಮಡಿಕೆ ಮಾಯವಾಗಿತ್ತು.

ಮತ್ತೆ ಮೊದಲಿಂದ ಶುರು ಮಾಡಿದೆ. ಈ ಸಲ ಮೂರು ತೊಂದರೆಗೂ ಬೇರೆ ಬೇರೆ ಲೇಯರ್. ಕೆಳಗಿನ ಮೂಲ ಚಿತ್ರವನ್ನು ಮುಟ್ಟಲೇ ಇಲ್ಲ.

ಬಿಸಿಲಿನ ಕಲೆ ಸುಲಭ. ಖಾಲಿ ಲೇಯರ್ ಮೇಲೆ ಹೀಲಿಂಗ್ ಬ್ರಷ್, Sample ಅನ್ನುವಲ್ಲಿ Current & Below. ಬ್ರಷ್ ಕಲೆಗಿಂತ ಚೂರು ದೊಡ್ಡದಿದ್ದರೆ ಸಾಕು. ಕಷ್ಟ ಇರುವುದು ಯಾವುದನ್ನು ಬಿಡಬೇಕು ಅನ್ನುವುದರಲ್ಲಿ. ಅದಕ್ಕೆ ಅವರ ಎರಡು ಹಳೆಯ ಫೋಟೊ ಕೇಳಿ ತರಿಸಿಕೊಂಡೆ. ಚಿಕ್ಕ ವಯಸ್ಸಿನ ಫೋಟೊದಲ್ಲೂ ಇದ್ದ ಚುಕ್ಕೆ ಮಚ್ಚೆ, ಅದನ್ನು ಮುಟ್ಟಲಿಲ್ಲ. ಉಳಿದವುಗಳಲ್ಲಿ ಎದ್ದು ಕಾಣುವ ಐದಾರನ್ನು ಮಾತ್ರ ತೆಗೆದೆ.

ಮೊಡವೆಯ ಗುಳಿ ಬೇರೆಯೇ ಕಥೆ. ಅದು ಬಣ್ಣವಲ್ಲ, ತಗ್ಗು. ಈ ಫೋಟೊದಲ್ಲಿ ಬೆಳಕು ಎಡಗಡೆಯಿಂದ ಬಿದ್ದಿತ್ತು. ಹಾಗಾಗಿ ಪ್ರತಿ ಗುಳಿಯ ಎಡ ಅಂಚಿನಲ್ಲಿ ನೆರಳು, ಬಲ ಅಂಚಿನಲ್ಲಿ ಹೊಳಪು. ಮೊದಲ ಸಲ ಒಂದೊಂದು ಗುಳಿಗೂ ಹೀಲಿಂಗ್ ಬ್ರಷ್ ಒತ್ತಿದ್ದೆ. ಒಂದೇ ಜಾಗದ ಚರ್ಮ ಹತ್ತು ಕಡೆ ಅಂಟಿ, ಕೆನ್ನೆಗೆ ತೇಪೆ ಹಾಕಿದ ಹಾಗಾಗಿತ್ತು. ಈ ಸಲ ಹೊಸ ಲೇಯರ್‌ಗೆ Soft Light ಮೋಡ್ ಕೊಟ್ಟು, 50% ಬೂದು ಬಣ್ಣ ತುಂಬಿದೆ. ಅದರ ಮೇಲೆ ಮೆತ್ತನೆ ಅಂಚಿನ ಬಿಳಿ ಬ್ರಷ್, Flow ಬರೀ 2%. ಗುಳಿಯ ನೆರಳಿನ ಅಂಚಿನ ಮೇಲೆ ಮಾತ್ರ ಸವರುತ್ತಾ ಹೋದೆ. ಎಂಟು ಹತ್ತು ಸಲ ಸವರಿದ ಮೇಲೆ ಗುಳಿ ಆಳ ಕಡಿಮೆಯಾದ ಹಾಗೆ ಕಾಣುತ್ತದೆ. ಚರ್ಮದ ರಂಧ್ರಗಳು ಇದ್ದಲ್ಲೇ ಇರುತ್ತವೆ.

ಇಲ್ಲಿ ಕೈ ತಪ್ಪುವುದು ಜೂಮ್‌ನಿಂದ. 300%ಗೆ ಹೋದರೆ ಗುಳಿ ಬಿಟ್ಟು ರಂಧ್ರಗಳನ್ನೇ ಸರಿ ಮಾಡುತ್ತಾ ಕೂರುತ್ತೇವೆ, ಮುಖ ಪ್ಲಾಸ್ಟಿಕ್ ಆಗುತ್ತದೆ. Window ಮೆನುವಿನ Arrange ಒಳಗೆ ಇದೇ ಫೈಲನ್ನು ಇನ್ನೊಂದು ವಿಂಡೋದಲ್ಲಿ ತೆರೆಯಬಹುದು. ಅದರಲ್ಲಿ ಇಡೀ ಮುಖ ಚಿಕ್ಕದಾಗಿ ಕಾಣುವಂತೆ ಇಟ್ಟೆ. ಅಲ್ಲಿ ಕಣ್ಣಿಗೆ ಬೀಳದ್ದನ್ನು ಇಲ್ಲಿ ತಿದ್ದಲಿಲ್ಲ.

ಕಣ್ಣ ಕೆಳಗಿನ ಕಪ್ಪಿಗೇ ಜಾಸ್ತಿ ಹೊತ್ತು ಹಿಡಿಯಿತು. ನೋಡುವುದಕ್ಕೆ ಒಂದೇ ಕಪ್ಪು. ಆದರೆ ಅದರಲ್ಲಿ ಎರಡು ಸೇರಿರುತ್ತವೆ: ಚರ್ಮದ ನೀಲಿ ಕಂದು ಬಣ್ಣ, ಮತ್ತು ಕಣ್ಣಿನ ಗೂಡಿನ ನೆರಳು. ಬಣ್ಣ ದಣಿವಿನದ್ದು ಇರಬಹುದು, ಗೂಡು ಮಾತ್ರ ಅವರದ್ದೇ. ಮಡಿಕೆ ಅಳಿಸಿದರೆ ಕಣ್ಣು ಬೇರೆ ಯಾರದೋ ಆಗಿಬಿಡುತ್ತದೆ. ಅದಕ್ಕೇ ಬಣ್ಣಕ್ಕೆ ಒಂದು ಲೇಯರ್, Color ಮೋಡ್‌ನಲ್ಲಿ. ಕೆನ್ನೆಯಿಂದ ಬಣ್ಣ ಎತ್ತಿಕೊಂಡು ನೀಲಿಯ ಮೇಲೆ ಹಗುರಾಗಿ ಹಚ್ಚಿದೆ. ಇಷ್ಟಕ್ಕೇ ಅರ್ಧ ದಣಿವು ಹೋಯಿತು, ಬೆಳಕು ಚೂರೂ ಬದಲಾಗದೆ. ಉಳಿದ ಕಪ್ಪಿಗೆ ಇನ್ನೊಂದು ಲೇಯರ್, Lighten ಮೋಡ್‌ನಲ್ಲಿ. ಕ್ಲೋನ್ ಸ್ಟಾಂಪ್‌ನ Opacity 15% ಇಟ್ಟು, ಕೆನ್ನೆಯ ಮೇಲ್ಭಾಗದಿಂದ ಚರ್ಮ ತಂದೆ. ರೆಪ್ಪೆಗೂದಲ ಹತ್ತಿರ ಹೋಗಲಿಲ್ಲ. ಅಲ್ಲಿ ಹೀಲಿಂಗ್ ಬ್ರಷ್ ಹಚ್ಚಿದರೆ ಕೂದಲಿನ ಕಪ್ಪು ಚರ್ಮಕ್ಕೆ ಮೆತ್ತಿಕೊಂಡು ಕೊಳೆಯ ಹಾಗೆ ಕಾಣುತ್ತದೆ.

ಜಾಸ್ತಿಯಾಯಿತಾ ಅಂತ ತಿಳಿಯಲು ಎಲ್ಲದರ ಮೇಲೆ ಒಂದು ಕಪ್ಪು ಬಿಳುಪು ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿದೆ. ಬಣ್ಣ ಹೋದ ತಕ್ಷಣ ಬಲಗಣ್ಣಿನ ಕೆಳಗೆ ಕೆನ್ನೆಗಿಂತ ಬೆಳ್ಳಗಾಗಿದ್ದು ಕಂಡಿತು. ಕನ್ನಡಕ ತೆಗೆದಿಟ್ಟ ಗುರುತಿನ ಹಾಗೆ! ಆ ಕ್ಲೋನ್ ಲೇಯರನ್ನು 50%ಗೆ ಇಳಿಸಿದೆ. ಗುಳಿಗಳ ಲೇಯರ್ 60%ಗೆ ಬಂತು. ಬಿಸಿಲಿನ ಕಲೆಯದ್ದು ಮಾತ್ರ ಪೂರ್ತಿ ಉಳಿಯಿತು.

ಮರುದಿನ ಬೆಳಿಗ್ಗೆ ಇನ್ನೊಂದು ಸಲ ನೋಡಿ ಕಳಿಸಿದೆ. ರಾತ್ರಿ ಕೂತು ಮುಗಿಸಿದ್ದನ್ನು ರಾತ್ರಿಯೇ ಕಳಿಸುವ ಅಭ್ಯಾಸ ಈಗ ಬಿಟ್ಟಿದ್ದೇನೆ. ಸ್ವಲ್ಪ ಹೊತ್ತಿಗೆ ಅದೇ ತಂಗಿ ಫೋನ್ ಮಾಡಿದರು.

"ಈಗ ನಮ್ಮಕ್ಕನೇ. ಚೆನ್ನಾಗಿ ನಿದ್ದೆ ಮಾಡಿ ಎದ್ದ ಹಾಗಿದ್ದಾಳೆ."