ಅಪೀಲೋ, ರಿವಿಜನ್ನೋ? ಒಂದು ಜಮೀನಿನ ದಾವೆಯಲ್ಲಿ ನಾನು ಹಾಕಿದ ಸಿಆರ್‌ಪಿ

ಹಾವೇರಿ ಜಿಲ್ಲೆಯ ಒಂದು ಸಿವಿಲ್ ನ್ಯಾಯಾಲಯದಲ್ಲಿ ನಡೆದ ದಾವೆ ಇದು. ನನ್ನ ಕಕ್ಷಿದಾರರ ತಂದೆ 2009ರಲ್ಲಿ ಎರಡು ಎಕರೆ ಹೊಲವನ್ನು ನೋಂದಾಯಿತ ಕ್ರಯಪತ್ರದ ಮೂಲಕ ಕೊಂಡಿದ್ದರು. ಮಾರಿದವರೇ 2022ರಲ್ಲಿ ದಾವೆ ಹೂಡಿದರು: ಅದು ಸಾಲಕ್ಕೆ ಭದ್ರತೆಯಾಗಿ ಬರೆದುಕೊಟ್ಟದ್ದು, ಕ್ರಯವಲ್ಲ, ಆದ್ದರಿಂದ ಪತ್ರ ರದ್ದಾಗಬೇಕು ಎಂದು.

ಪತ್ರ ರದ್ದು ಮಾಡಿಸಲು ಕಾಲಮಿತಿ ಕಾಯ್ದೆಯ 59ನೇ ವಿಧಿಯಂತೆ ಮೂರು ವರ್ಷ ಅವಕಾಶ. ರದ್ದತಿಗೆ ಕಾರಣವಾದ ಸಂಗತಿ ವಾದಿಗೆ ಮೊದಲು ತಿಳಿದ ದಿನದಿಂದ ಅದರ ಲೆಕ್ಕ. ಇಲ್ಲಿ ಸಹಿ ಹಾಕಿದವರೇ ವಾದಿ. ಭದ್ರತೆಗೆಂದೇ ಬರೆದುಕೊಟ್ಟೆ ಎಂಬ ಮಾತು ಅವರದೇ ವಾದಪತ್ರದಲ್ಲಿತ್ತು. ಅಂದರೆ ಸಂಗತಿ ಅವರಿಗೆ 2009ರಲ್ಲೇ ಗೊತ್ತಿತ್ತು. ಕಾಲಮಿತಿ ಮೀರಿದೆ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7 ನಿಯಮ 11(ಡಿ) ಅಡಿ ವಾದಪತ್ರ ತಿರಸ್ಕರಿಸುವಂತೆ ಐಎ, ಅಂದರೆ ಮಧ್ಯಂತರ ಅರ್ಜಿ, ಹಾಕಿದೆ. ಕಾಲಮಿತಿ ವಿಚಾರಣೆಯಲ್ಲಿ ತೀರ್ಮಾನವಾಗಬೇಕಾದ ಪ್ರಶ್ನೆ ಎಂದು ಹೇಳಿ ನ್ಯಾಯಾಲಯ ಅದನ್ನು ವಜಾ ಮಾಡಿತು.

"ಅಪೀಲು ಹಾಕ್ರಿ ಸರ್, ಎಲ್ಲಾ ಮತ್ತೊಮ್ಮೆ ಹೇಳೂಣು" ಎಂದರು ಕಕ್ಷಿದಾರರು. ಈ ಆದೇಶಕ್ಕೆ ಅಪೀಲಿಲ್ಲ. ಅದೇ ಐಎ ಮಂಜೂರಾಗಿ ವಾದಪತ್ರ ತಿರಸ್ಕೃತವಾಗಿದ್ದರೆ ಆ ಆದೇಶ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 2(2)ರ ಪ್ರಕಾರ ಡಿಕ್ರಿ ಎನಿಸಿಕೊಳ್ಳುತ್ತಿತ್ತು. ಆಗ ಎದುರುದಾರರು ಕಲಂ 96ರಡಿ ಅಪೀಲು ಹೋಗಬಹುದಿತ್ತು. ಒಂದೇ ಅರ್ಜಿ, ಆದರೆ ಗೆದ್ದರೊಂದು ದಾರಿ, ಸೋತರೊಂದು ದಾರಿ. ವಜಾ ಆದ ನಮಗೆ ಉಳಿದದ್ದು ಕಲಂ 115, ಹೈಕೋರ್ಟಿಗೆ ಸಿವಿಲ್ ರಿವಿಜನ್ ಪಿಟಿಷನ್, ಅಂದರೆ ಸಿಆರ್‌ಪಿ. ಆದೇಶದ ದಿನದಿಂದ 90 ದಿನ ಅವಧಿ. ಪ್ರಮಾಣಿತ ನಕಲು ಪಡೆಯಲು ಹಿಡಿದ ಕಾಲವನ್ನು ಅದರಿಂದ ಕಳೆಯುತ್ತಾರೆ.

2002ರಿಂದ ಕಲಂ 115ಕ್ಕೆ ಒಂದು ಕಡಿವಾಣ ಬಿದ್ದಿದೆ. ನಾವು ಕೇಳಿದ ಆದೇಶ ನಮ್ಮ ಪರವಾಗಿ ಬಂದಿದ್ದರೆ ದಾವೆ ಅಲ್ಲಿಗೇ ಮುಗಿಯುತ್ತಿತ್ತೇ? ಹೌದಾದರೆ ಮಾತ್ರ ರಿವಿಜನ್ ನಿಲ್ಲುತ್ತದೆ. ಧಾರವಾಡ ಪೀಠದಲ್ಲಿ ಎದುರು ವಕೀಲರು ಎತ್ತಿದ ಮೊದಲ ಆಕ್ಷೇಪಣೆಯೂ ಇದೇ: ದಾವೆ ಇನ್ನೂ ನಡೆಯುತ್ತಿದೆ, ಅದಕ್ಕೇ ಅರ್ಜಿ ಊರ್ಜಿತವಲ್ಲ ಎಂದು. ಈಗ ದಾವೆ ಬಾಕಿ ಇದೆಯೇ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ, ಐಎ ಮಂಜೂರಾಗಿದ್ದರೆ ಬಾಕಿ ಇರುತ್ತಿತ್ತೇ ಎಂಬುದು ಪ್ರಶ್ನೆ ಎಂದು ಉತ್ತರಿಸಿದೆ. ಆಕ್ಷೇಪಣೆ ಅಲ್ಲಿಗೆ ಬಿತ್ತು. ವಾದಪತ್ರದ ತಿದ್ದುಪಡಿ ಅರ್ಜಿ ವಜಾ ಆದ ವಾದಿಗೆ ಈ ಉತ್ತರ ಸಿಗುವುದಿಲ್ಲ. ತಿದ್ದುಪಡಿ ಸಿಕ್ಕರೂ ದಾವೆ ಮುಗಿಯುವುದಿಲ್ಲವಲ್ಲ. ಅವರು ಸಂವಿಧಾನದ 227ನೇ ವಿಧಿಯಡಿ ಹೋಗಬೇಕು.

ಹೆಚ್ಚು ಹೊತ್ತು ಹಿಡಿದದ್ದು ಆಧಾರಗಳನ್ನು ಬರೆಯುವುದು. ಕಕ್ಷಿದಾರರು ಪಹಣಿ, ಕಂದಾಯ ರಸೀದಿ, ಬೆಳೆ ಸಾಲದ ಪಾಸ್‌ಬುಕ್ ಎಲ್ಲವನ್ನೂ ಒಂದು ಚೀಲದಲ್ಲಿ ತಂದಿದ್ದರು. ಅಪೀಲಾಗಿದ್ದರೆ ಸಾಕ್ಷ್ಯವನ್ನು ಮತ್ತೆ ತೂಗಿ ನೋಡಿ ಎಂದು ಕೇಳಬಹುದಿತ್ತು. ಮೊದಲ ಅಪೀಲು ಕೋರ್ಟಿಗೆ ಸಂಗತಿ, ಕಾನೂನು ಎರಡನ್ನೂ ನೋಡುವ ಅಧಿಕಾರವಿದೆ. ರಿವಿಜನ್‌ನಲ್ಲಿ ಹೈಕೋರ್ಟು ನೋಡುವುದು ಇಷ್ಟು: ಕೆಳಗಿನ ಕೋರ್ಟು ಇಲ್ಲದ ಅಧಿಕಾರ ಚಲಾಯಿಸಿತೇ, ಇದ್ದ ಅಧಿಕಾರವನ್ನು ಚಲಾಯಿಸದೆ ಬಿಟ್ಟಿತೇ, ಚಲಾಯಿಸುವಾಗ ಕಾನೂನು ಮೀರಿತೇ ಅಥವಾ ಗಂಭೀರವಾಗಿ ಕ್ರಮ ತಪ್ಪಿತೇ. ಆದೇಶ ತಪ್ಪು ಎಂದಷ್ಟೇ ಹೇಳಿದರೆ ಸಾಲದು. ಜೊತೆಗೆ ಆದೇಶ 7 ನಿಯಮ 11ರಲ್ಲಿ ವಾದಪತ್ರ ಮತ್ತು ಅದರೊಂದಿಗೆ ಹಾಜರುಪಡಿಸಿದ ದಾಖಲೆಗಳನ್ನಷ್ಟೇ ಓದಬೇಕು, ಪ್ರತಿವಾದಿಯ ಪಹಣಿಗೆ ಅಲ್ಲಿ ಜಾಗವಿಲ್ಲ. ಹಾಗಾಗಿ ಚೀಲವನ್ನು ಹಾಗೇ ಕಟ್ಟಿಟ್ಟು, ಒಂದೇ ಮುಖ್ಯ ಆಧಾರ ಬರೆದೆ: ವಾದಪತ್ರದ ಒಪ್ಪಿಗೆಯ ಪ್ಯಾರಾವನ್ನು ಓದಿ ಕಾಲಮಿತಿ ತೀರ್ಮಾನಿಸಬೇಕಿದ್ದ ನ್ಯಾಯಾಲಯ, ಆ ಪ್ಯಾರಾವನ್ನು ಮುಟ್ಟದೆ ತನ್ನ ಅಧಿಕಾರವನ್ನು ಚಲಾಯಿಸದೆ ಬಿಟ್ಟಿದೆ. ಆ ಪ್ಯಾರಾವನ್ನು ಹಾಗೆಯೇ ಎತ್ತಿ ಬರೆದೆ. ಜಾಣತನದ ಬರವಣಿಗೆಯಿಂದ ದಾವೆಯ ಕಾರಣವಿರುವಂತೆ ತೋರಿಸಿದ ವಾದಪತ್ರವನ್ನು ಮೊದಲಲ್ಲೇ ಚಿವುಟಬೇಕು ಎಂಬ ಟಿ. ಅರಿವಂದಂದಂ ಪ್ರಕರಣದ 1977ರ ತೀರ್ಪು, ಐದು ವರ್ಷದ ಬಳಿಕ ಕ್ರಯಪತ್ರ ಪ್ರಶ್ನಿಸಿದ ದಾವೆಯಲ್ಲಿ ಬಂದ ದಹಿಬೆನ್ ಪ್ರಕರಣದ 2020ರ ತೀರ್ಪು, ಇವೆರಡನ್ನು ಇಟ್ಟುಕೊಂಡೆ.

ಸಿಆರ್‌ಪಿ ಹಾಕಿದ ಮಾತ್ರಕ್ಕೆ ಕೆಳಗಿನ ದಾವೆ ನಿಲ್ಲುವುದಿಲ್ಲ. ಕಲಂ 115(3) ಅದನ್ನು ನೇರವಾಗಿಯೇ ಹೇಳುತ್ತದೆ. ಪ್ರತ್ಯೇಕ ಐಎ ಹಾಕಿ ಸ್ಟೇ ಪಡೆದು, ಆ ಆದೇಶದ ನಕಲನ್ನು ಮುಂದಿನ ಮುದ್ದತ್ತಿನೊಳಗೆ ಕೆಳಗಿನ ಕೋರ್ಟಿಗೆ ಮುಟ್ಟಿಸಬೇಕು. ಇಲ್ಲವಾದರೆ ವಿವಾದಾಂಶ ರಚನೆಯಾಗಿ ವಾದಿಯ ಸಾಕ್ಷ್ಯ ಶುರುವಾಗುತ್ತದೆ, ವಿಚಾರಣೆ ತಪ್ಪಿಸಲು ಹಾಕಿದ ರಿವಿಜನ್‌ಗೆ ಅರ್ಥವೇ ಉಳಿಯುವುದಿಲ್ಲ. ನಾವು ಸ್ಟೇ ಪಡೆದಿದ್ದೆವು. ಕೊನೆಗೆ ಹೈಕೋರ್ಟು ಕೆಳಗಿನ ಆದೇಶ ರದ್ದುಪಡಿಸಿ, ನಮ್ಮ ಐಎ ಮಂಜೂರು ಮಾಡಿ, ವಾದಪತ್ರವನ್ನು ತಿರಸ್ಕರಿಸಿತು.